ಯೂರೋ ಕೊಟೇಶನ್‌ನಲ್ಲಿ ವಿನಿಮಯ ದರದ ಷರತ್ತು: ಲೆಕ್ಕ ಹಾಕುವುದರಿಂದ ಇನ್ವಾಯ್ಸ್‌ವರೆಗೆ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಮಧ್ಯಮ ಗಾತ್ರದ ಫೌಂಡ್ರಿ ಇದೆ ಅಂದುಕೊಳ್ಳಿ. ಜರ್ಮನಿಯ ಹೈಡ್ರಾಲಿಕ್ ಪಂಪ್ ತಯಾರಕರೊಬ್ಬರಿಂದ ಎನ್‌ಕ್ವೈರಿ ಬಂದಿದೆ. ಎರಕ ಹೊಯ್ದು, ಮಷಿನಿಂಗ್ ಮಾಡಿದ ವಾಲ್ವ್ ಬಾಡಿ ಬೇಕು. ತಿಂಗಳಿಗೆ 500, ಒಂದು ವರ್ಷದ ಸರಬರಾಜು. ಮಾಲು ಅವರ ಹತ್ತಿರದ ಗೋದಾಮಿಗೆ ತಲುಪಬೇಕು. ನಿಮ್ಮ ಲೆಕ್ಕದಲ್ಲಿ ಒಂದಕ್ಕೆ 4,000 ರೂಪಾಯಿ ಬರಬೇಕು, ಅದರಲ್ಲಿ ನಿಮ್ಮ ಲಾಭ 400. ಲೆಕ್ಕ ಸುಲಭವಾಗಲಿ ಎಂದು ಯೂರೋಗೆ 100 ರೂಪಾಯಿ ಹಿಡಿಯೋಣ. ಅಂದರೆ ಬೆಲೆ 40 ಯೂರೋ.

ಈಗ ಯೂರೋ 92 ರೂಪಾಯಿಗೆ ಇಳಿದರೆ? ಗಿರಾಕಿ ಅದೇ 40 ಯೂರೋ ಕೊಡುತ್ತಾರೆ. ನಿಮ್ಮ ಕೈಗೆ ಬರುವುದು 3,680 ರೂಪಾಯಿ. ನಿಮ್ಮಲ್ಲಿ ಯಾರೂ ತಪ್ಪು ಮಾಡಿಲ್ಲ, ಒಂದು ತುಂಡೂ ರಿಜೆಕ್ಟ್ ಆಗಿಲ್ಲ. ಆದರೂ ಲಾಭದ ದೊಡ್ಡ ಪಾಲು ಹೋಯಿತು. ದರ ಬದಲಾದರೆ ಬೆಲೆಯೂ ಬದಲಾಗುತ್ತದೆ ಎಂಬ ಷರತ್ತನ್ನು ಕೊಟೇಶನ್‌ನಲ್ಲೇ ಬರೆಯುವುದು ಇದಕ್ಕೇ.

ಎಷ್ಟೋ ಜನ ಇಲ್ಲಿ ದಿಕ್ಕನ್ನೇ ತಪ್ಪು ತಿಳಿಯುತ್ತಾರೆ. ರೂಪಾಯಿ ಕುಸಿದರೆ ರಫ್ತುದಾರನಿಗೆ ನಷ್ಟವಿಲ್ಲ. ರೂಪಾಯಿ ಗಟ್ಟಿಯಾದರೆ ನಷ್ಟ. 'ರೂಪಾಯಿ ಮೌಲ್ಯ ಇಳಿದರೆ ಬೆಲೆ ಏರಿಸುತ್ತೇವೆ' ಎಂದು ಬರೆದ ಕೊಟೇಶನ್‌ಗಳನ್ನು ನಾನು ನೋಡಿದ್ದೇನೆ. ಆಮದು ಮಾಡುವವರ ಷರತ್ತನ್ನು ಎಲ್ಲಿಂದಲೋ ಹಾಗೇ ತಂದು ಅಂಟಿಸಿದ್ದು. ಗಿರಾಕಿಯ ಖರೀದಿ ವಿಭಾಗದವರು ಅದನ್ನು ಓದಿದ ಕೂಡಲೇ ಇವರಿಗೆ ಲೆಕ್ಕ ಗೊತ್ತಿಲ್ಲ ಎಂದು ತಿಳಿದುಕೊಳ್ಳುತ್ತಾರೆ.

ಮೊದಲು ಕಾಲವನ್ನು ತುಂಡು ಮಾಡಿ

ಷರತ್ತಿನ ಮಾತು ಬರೆಯುವ ಮುಂಚೆ ಒಂದು ಹಾಳೆಯ ಮೇಲೆ ದಿನಾಂಕಗಳನ್ನು ಬರೆಯಿರಿ. ಕೊಟೇಶನ್ ಕೊಟ್ಟ ದಿನ, ಉತ್ಪಾದನೆಗೆ ಆರ್ಡರ್ ಸಿಗುವ ದಿನ, ಮಾಲು ಹೊರಡುವ ದಿನ, ದುಡ್ಡು ಬ್ಯಾಂಕಿಗೆ ಬೀಳುವ ದಿನ. ಎರಕದ ಕೆಲಸದಲ್ಲಿ ಮೊದಲ ಎರಡರ ನಡುವಿನ ಅಂತರವೇ ಜಾಸ್ತಿ. ಪ್ಯಾಟರ್ನ್ ಮಾಡಬೇಕು, ಸ್ಯಾಂಪಲ್ ಕಳಿಸಬೇಕು, ಅವರು ಅಳೆದು, ಪರೀಕ್ಷಿಸಿ ಒಪ್ಪಬೇಕು. ಐದಾರು ತಿಂಗಳು ಹೋಗುವುದು ಸಾಮಾನ್ಯ.

ಈ ಮೂರು ಅವಧಿಗಳಿಗೆ ಮದ್ದು ಬೇರೆ ಬೇರೆ. ಎಲ್ಲಕ್ಕೂ ಒಂದೇ ಷರತ್ತು ಹಾಕಲು ಹೋದರೆ ಗಿರಾಕಿ ಒಪ್ಪುವುದಿಲ್ಲ.

ಕೊಟೇಶನ್‌ನಿಂದ ಉತ್ಪಾದನಾ ಆರ್ಡರ್‌ವರೆಗಿನ ಅವಧಿಯಲ್ಲಿ ಬ್ಯಾಂಕಿನಲ್ಲಿ ಫಾರ್ವರ್ಡ್ ಕಾಂಟ್ರ್ಯಾಕ್ಟ್, ಅಂದರೆ ಮುಂದೆ ಕೊಡುವ ಯೂರೋಗೆ ಇಂದೇ ದರ ಗೊತ್ತುಮಾಡುವ ಒಪ್ಪಂದ, ಮಾಡಿಕೊಳ್ಳುವುದು ಸರಿಯಲ್ಲ. ಆರ್ಡರ್ ಬರದೇ ಹೋದರೆ ನಿಮ್ಮ ಬಳಿ ಇಲ್ಲದ ಯೂರೋವನ್ನು ಬ್ಯಾಂಕಿಗೆ ಕೊಡುವ ಮಾತು ಕೊಟ್ಟಂತಾಗುತ್ತದೆ. ಅದನ್ನು ರದ್ದು ಮಾಡಲು ಹೋದಾಗ ದರ ನಿಮ್ಮ ವಿರುದ್ಧ ಇದ್ದರೆ ಕೈಯಿಂದ ತುಂಬಬೇಕು. ಹಾಗಾಗಿ ಈ ಅವಧಿಗೆ ಷರತ್ತು ಬೇಕೇ ಬೇಕು.

ಸರಬರಾಜು ನಡೆಯುವ ವರ್ಷಕ್ಕೂ ಷರತ್ತು ಬೇಕು. ಗಿರಾಕಿ ಕೊಡುವ ವಾರ್ಷಿಕ ಶೆಡ್ಯೂಲ್ ಒಂದು ಅಂದಾಜು ಅಷ್ಟೇ. ತಿಂಗಳಿಗೆ 500 ಎಂದವರು 300 ತೆಗೆದುಕೊಳ್ಳಬಹುದು.

ಮಾಲು ಹೊರಟ ಮೇಲಿನದು ಮೂರನೆಯ ಅವಧಿ. ಇನ್ವಾಯ್ಸ್ ಆಗಿದೆ, ಮೊತ್ತ ಗೊತ್ತು, 60 ದಿನಕ್ಕೋ 90 ದಿನಕ್ಕೋ ದುಡ್ಡು ಬರುತ್ತದೆ. ಇದನ್ನು ಗಿರಾಕಿಯ ಮೇಲೆ ಹಾಕಬೇಡಿ. ಇದು ನಿಮ್ಮ ಮತ್ತು ನಿಮ್ಮ ಬ್ಯಾಂಕಿನ ಕೆಲಸ, ಇಲ್ಲಿ ಫಾರ್ವರ್ಡ್ ಕಾಂಟ್ರ್ಯಾಕ್ಟ್ ಸರಿಯಾದ ದಾರಿ. ನಮ್ಮ ಬಡ್ಡಿ ದರ ಯೂರೋದ ಬಡ್ಡಿಗಿಂತ ಜಾಸ್ತಿ ಇರುವವರೆಗೆ, ಮೂರು ತಿಂಗಳ ನಂತರದ ಯೂರೋಗೆ ಬ್ಯಾಂಕ್ ಇಂದಿನ ದರಕ್ಕಿಂತ ಸ್ವಲ್ಪ ಹೆಚ್ಚೇ ಕೊಡುತ್ತದೆ. ಮಾರುವವರಿಗೆ ಅದು ಅನುಕೂಲ. ದುಡ್ಡು ಬರುವ ದಿನ ಆಚೀಚೆ ಆಗುವುದರಿಂದ ಒಂದೇ ದಿನಕ್ಕೆ ಬದಲು ಒಂದು ತಿಂಗಳ ಒಳಗೆ ಯಾವಾಗ ಬೇಕಾದರೂ ಯೂರೋ ಕೊಡುವಂಥ ಕಾಂಟ್ರ್ಯಾಕ್ಟ್ ಕೇಳಿ.

ಯಾವ ಕರೆನ್ಸಿ?

ಗಿರಾಕಿ ಯಾವ ಕರೆನ್ಸಿಯಲ್ಲಿ ದುಡಿಯುತ್ತಾರೋ ಅದರಲ್ಲೇ ಬೆಲೆ ಹೇಳಿ. ಜರ್ಮನಿಯವರಿಗೆ ಅಭ್ಯಾಸಬಲದಿಂದ ಡಾಲರ್‌ನಲ್ಲಿ ಕೊಟೇಶನ್ ಕಳಿಸಿದರೆ ಅವರಿಗೂ ದರದ ಚಿಂತೆ, ನಿಮಗೂ ಚಿಂತೆ. ಯೂರೋದಲ್ಲಿ ಕೊಟ್ಟರೆ ಆ ಚಿಂತೆಯನ್ನು ನೀವು ಹೊತ್ತುಕೊಂಡಿದ್ದೀರಿ. ಆಗ ಷರತ್ತು ಕೇಳಲು ನಿಮಗೆ ನ್ಯಾಯವಾದ ಕಾರಣ ಸಿಗುತ್ತದೆ.

ರೂಪಾಯಿಯಲ್ಲೇ ಇನ್ವಾಯ್ಸ್ ಮಾಡಲು ರಿಸರ್ವ್ ಬ್ಯಾಂಕ್ 2022ರ ಜುಲೈನಲ್ಲಿ ವಿಶೇಷ ವೋಸ್ಟ್ರೋ ಖಾತೆಗಳ, ಅಂದರೆ ವಿದೇಶಿ ಬ್ಯಾಂಕುಗಳು ನಮ್ಮ ಬ್ಯಾಂಕುಗಳಲ್ಲಿ ಇಡುವ ರೂಪಾಯಿ ಖಾತೆಗಳ, ವ್ಯವಸ್ಥೆ ತಂದಿದೆ. ಆದರೆ ಯುರೋಪಿನ ಮಧ್ಯಮ ಗಾತ್ರದ ಕಂಪನಿ ತನ್ನ ಸಿಸ್ಟಮ್‌ನಲ್ಲಿ ರೂಪಾಯಿಯ ಪೂರೈಕೆದಾರರನ್ನು ಸೇರಿಸಿಕೊಳ್ಳುವುದು ಅಪರೂಪ. ಕೇಳಿ ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಒಂದು ಮಾತು ನೆನಪಿರಲಿ. ನಮ್ಮ ಮಾರುಕಟ್ಟೆಯಲ್ಲಿ ಯೂರೋ ದರ ಎರಡು ದರಗಳಿಂದ ಹುಟ್ಟುತ್ತದೆ: ಡಾಲರ್‌ಗೆ ಎಷ್ಟು ರೂಪಾಯಿ, ಯೂರೋಗೆ ಎಷ್ಟು ಡಾಲರ್. ಡಾಲರ್ ದರ ತೀರಾ ಏರಿಳಿದರೆ ರಿಸರ್ವ್ ಬ್ಯಾಂಕ್ ಮಧ್ಯೆ ಬಂದು ತಡೆಯುತ್ತದೆ. ಯೂರೋ ಮತ್ತು ಡಾಲರ್ ನಡುವಿನ ಏರಿಳಿತ ಅದರ ಕೈಯಲ್ಲಿಲ್ಲ. ಆದ್ದರಿಂದ ಡಾಲರ್ ದರ ನಿಂತಲ್ಲೇ ನಿಂತಿದ್ದರೂ ನಿಮ್ಮ ಯೂರೋ ದರ ಓಡಾಡಬಹುದು. ಪತ್ರಿಕೆಯಲ್ಲಿ ಬರುವ ಡಾಲರ್ ದರ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ.

ಬೆಲೆಯಲ್ಲಿ ರೂಪಾಯಿಯ ಪಾಲು ಎಷ್ಟು?

ಕಾಸ್ಟ್ ಶೀಟ್ ತೆರೆದು ಪ್ರತಿ ಸಾಲಿನ ಮುಂದೆ ಇದು ರೂಪಾಯಿ ಖರ್ಚೋ, ವಿದೇಶಿ ಖರ್ಚೋ ಎಂದು ಗುರುತು ಹಾಕಿ. ಬೀಡುಕಬ್ಬಿಣ, ಸ್ಕ್ರ್ಯಾಪ್, ಕರೆಂಟು, ಕೂಲಿ, ಮಷಿನಿಂಗ್ ಎಲ್ಲ ರೂಪಾಯಿ. ಹಡಗಿನ ಬಾಡಿಗೆ, ಅಲ್ಲಿನ ಗೋದಾಮಿನ ಬಾಡಿಗೆ, ಆಮದಾದ ಕಾರ್ಬೈಡ್ ಇನ್ಸರ್ಟ್ ಇವು ವಿದೇಶಿ. ಹಡಗಿನ ಬಾಡಿಗೆ ಸಾಮಾನ್ಯವಾಗಿ ಡಾಲರ್‌ನಲ್ಲಿ ಇರುತ್ತದೆ, ಯೂರೋದಲ್ಲಲ್ಲ. ಆ ಸಣ್ಣ ವ್ಯತ್ಯಾಸವನ್ನು ಇಲ್ಲಿ ಬಿಟ್ಟುಬಿಡೋಣ, ಇಲ್ಲದಿದ್ದರೆ ಷರತ್ತು ಯಾರಿಗೂ ಅರ್ಥವಾಗದಷ್ಟು ಜಟಿಲವಾಗುತ್ತದೆ.

ನಮ್ಮ ಉದಾಹರಣೆಯಲ್ಲಿ ವಿದೇಶಿ ಖರ್ಚು 800 ರೂಪಾಯಿ, ಅಂದರೆ 8 ಯೂರೋ. ಉಳಿದ 3,200ರಲ್ಲಿ 2,800 ರೂಪಾಯಿ ಖರ್ಚು, 400 ಲಾಭ. ಹೀಗೆ ರೂಪಾಯಿಯ ಪಾಲು ಶೇ. 80, ಯೂರೋ ಪಾಲು ಶೇ. 20.

ಈ ವಿಂಗಡಣೆಯನ್ನು ಬಿಟ್ಟು ಪೂರ್ತಿ ಬೆಲೆಯನ್ನೇ ದರಕ್ಕೆ ಕಟ್ಟಿದರೆ, ಯೂರೋ ಇಳಿದಾಗ ನೀವು ಕಳೆದುಕೊಳ್ಳದ ದುಡ್ಡನ್ನೂ ಕೇಳಿದಂತೆ. ಯೂರೋದಲ್ಲೇ ಖರ್ಚಾಗುವ 8 ಯೂರೋಗೆ ದರದ ಭಯವಿಲ್ಲ. ಅನುಭವಿ ಖರೀದಿದಾರರು ಕೇಳುವ ಮೊದಲ ಪ್ರಶ್ನೆಯೇ ಇದು. ನೀವಾಗಿಯೇ ಶೇ. 80 ಎಂದು ಬರೆದಿದ್ದರೆ ಅರ್ಧ ಮಾತುಕತೆ ಮುಗಿದಂತೆ.

ಬೀಡುಕಬ್ಬಿಣದ ಬೆಲೆ ಏರಿದರೆ ಏನು ಎಂಬುದು ಬೇರೆ ವಿಷಯ. ಅದಕ್ಕೆ ಬೇರೆ ಷರತ್ತು ಬರೆಯಿರಿ. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದರೆ ಬೆಲೆ ಯಾಕೆ ಬದಲಾಯಿತು ಎಂದು ಮುಂದೆ ಯಾರಿಗೂ ತೋರಿಸಲಾಗದು.

ಮೂಲ ದರ ಎಲ್ಲಿಂದ?

ಇಲ್ಲಿ ಎರಡು ದರಗಳಿವೆ, ಎರಡಕ್ಕೂ ಕೆಲಸವಿದೆ. ಕಾಸ್ಟ್ ಶೀಟ್‌ನಲ್ಲಿ ಬಳಸಬೇಕಾದದ್ದು ನಿಮ್ಮ ಬ್ಯಾಂಕ್ ನಿಜವಾಗಿ ಕೊಡುವ ಟಿಟಿ ಬೈಯಿಂಗ್ ದರ. ಗೂಗಲ್‌ನಲ್ಲಿ ಕಾಣುವ ದರಕ್ಕಿಂತ ಅದು ಕಡಿಮೆ ಇರುತ್ತದೆ. ಆ ವ್ಯತ್ಯಾಸವನ್ನು ಒಂದು ಖರ್ಚು ಎಂದು ಹಿಡಿದು ಬೆಲೆಯಲ್ಲೇ ಸೇರಿಸಿ. ಷರತ್ತಿನಲ್ಲಿ ಬರೆಯುವ ಮೂಲ ದರ ಮಾತ್ರ ಇಬ್ಬರೂ ನೋಡಿ ತಾಳೆ ಹಾಕಬಹುದಾದ, ಪ್ರಕಟವಾದ ದರ ಆಗಿರಬೇಕು.

ಭಾರತದಲ್ಲಿ ಇಂಥ ಉಲ್ಲೇಖ ದರವನ್ನು ಮೊದಲು ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತಿತ್ತು. 2018ರ ಜುಲೈನಿಂದ ಆ ಕೆಲಸ ಎಫ್‌ಬಿಐಎಲ್, ಅಂದರೆ ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಸಂಸ್ಥೆಯದು. ಆದರೆ ಜರ್ಮನಿಯ ಗಿರಾಕಿಗೆ ಅದರ ಹೆಸರು ಹೊಸದು. ನಾನು ಯುರೋಪಿನವರಿಗೆ ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಉಲ್ಲೇಖ ದರವನ್ನೇ ಬರೆಯುತ್ತೇನೆ. ಕೆಲಸದ ದಿನಗಳಲ್ಲಿ ಅಲ್ಲಿನ ಸಮಯ ಸಂಜೆ ನಾಲ್ಕರ ಸುಮಾರಿಗೆ ಅದು ಪ್ರಕಟವಾಗುತ್ತದೆ. ಒಂದು ಯೂರೋಗೆ ಎಷ್ಟು ರೂಪಾಯಿ ಎಂಬುದೂ ಅದರಲ್ಲಿದೆ. ಹಳೆಯ ದರಗಳೂ ಅದೇ ಜಾಲತಾಣದಲ್ಲಿ ಸಿಗುತ್ತವೆ. ತಮ್ಮದೇ ಬ್ಯಾಂಕು ಅಲ್ವಾ, ಗಿರಾಕಿ ಪ್ರಶ್ನೆ ಮಾಡುವುದಿಲ್ಲ. ಆ ದರದಲ್ಲಿ ಯಾರೂ ಹಣ ಬದಲಾಯಿಸಿ ಕೊಡುವುದಿಲ್ಲ, ಅದು ಮಾಹಿತಿಗೆ ಮಾತ್ರ. ನಮಗೂ ಬೇಕಾದದ್ದು ಅಳತೆಗೋಲು ಅಷ್ಟೇ.

ಎಫ್‌ಬಿಐಎಲ್ ದರ ಮತ್ತು ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರ ಬೇರೆ ಬೇರೆ ಹೊತ್ತಿನಲ್ಲಿ ಲೆಕ್ಕ ಹಾಕಿದವು, ಹಾಗಾಗಿ ಕೆಲವು ಪೈಸೆ ವ್ಯತ್ಯಾಸ ಇದ್ದೇ ಇರುತ್ತದೆ. ಮೂಲ ದರಕ್ಕೆ ಯಾವ ಮೂಲವೋ, ಮುಂದೆ ದರ ಎಷ್ಟು ಬದಲಾಯಿತು ಎಂದು ನೋಡುವ ಪರಿಶೀಲನೆಗೂ ಅದೇ ಇರಲಿ. ಕಸ್ಟಮ್ಸ್ ಪ್ರಕಟಿಸುವ ದರವನ್ನು ಮಾತ್ರ ಇಲ್ಲಿ ತರಬೇಡಿ, ಅದು ಸುಂಕದ ಲೆಕ್ಕಕ್ಕೆ.

ಒಂದೇ ದಿನದ ದರ ಬೇಡ, ಒಂದು ತಿಂಗಳ ಸರಾಸರಿ ಬರೆಯಿರಿ. ಯಾಕೆಂದು 2013 ತೋರಿಸಿಕೊಟ್ಟಿದೆ. ಆ ವರ್ಷ ಮೇ ಮೊದಲಲ್ಲಿ ಡಾಲರ್‌ಗೆ ಸುಮಾರು 54 ರೂಪಾಯಿ ಇತ್ತು. ಆಗಸ್ಟ್ 28ರಂದು 68 ದಾಟಿತು. ಅಕ್ಟೋಬರ್ ಮಧ್ಯದ ಹೊತ್ತಿಗೆ ಮತ್ತೆ 61ರ ಆಸುಪಾಸಿಗೆ ಬಂತು. ಡಾಲರ್‌ನಲ್ಲಿ ಮಾರುತ್ತಿದ್ದ ಒಬ್ಬರ ಪರಿಶೀಲನೆಯ ದಿನ ಆ ಆಗಸ್ಟ್ 28 ಆಗಿದ್ದರೆ, 68ರ ದರ ಹಿಡಿದು ಬೆಲೆ ಇಳಿಸಿ, 61ರ ದರದಲ್ಲಿ ದುಡ್ಡು ಪಡೆಯಬೇಕಾಗುತ್ತಿತ್ತು.

ಷರತ್ತು ಬರೆಯುವುದು

ಸಣ್ಣಪುಟ್ಟ ಏರಿಳಿತಕ್ಕೆಲ್ಲ ಬೆಲೆ ಬದಲಾದರೆ ಎರಡೂ ಕಡೆಯ ಆಫೀಸಿಗೆ ತಲೆನೋವು. ಅದಕ್ಕೇ ಮೂಲ ದರದ ಎರಡೂ ಬದಿಗೆ ಒಂದು ಪಟ್ಟಿ, ಅಂದರೆ ದರ ಓಡಾಡಲು ಬಿಟ್ಟ ಜಾಗ, ಇಟ್ಟುಕೊಳ್ಳುವುದು ರೂಢಿ. ಈ ಕಡೆ ಶೇ. 3, ಆ ಕಡೆ ಶೇ. 3. ಅದರೊಳಗೆ ದರ ಓಡಾಡಿದರೆ ಬೆಲೆ ಹಾಗೇ ಇರುತ್ತದೆ. ನಮ್ಮ ಉದಾಹರಣೆಯಲ್ಲಿ 97ರಿಂದ 103ರವರೆಗೆ.

ಪಟ್ಟಿ ದಾಟಿದ ಮೇಲೆ ಏನು ಎಂಬುದನ್ನು ಬಿಡಿಸಿ ಬರೆಯಲೇಬೇಕು. ದಾಟಿದರೆ ಪೂರ್ತಿ ವ್ಯತ್ಯಾಸಕ್ಕೆ ಬೆಲೆ ಬದಲಾಗುವುದು ಒಂದು ಪದ್ಧತಿ. ದಾಟಿದ ಭಾಗಕ್ಕೆ ಮಾತ್ರ ಬದಲಾಗುವುದು ಇನ್ನೊಂದು. ಇದನ್ನು ಬರೆಯದೇ ಬಿಟ್ಟ ಷರತ್ತು ಮೊದಲ ಪರಿಶೀಲನೆಯಲ್ಲೇ ಜಗಳಕ್ಕೆ ಬರುತ್ತದೆ. ನನ್ನ ಆಯ್ಕೆ ಎರಡನೆಯದು. ಮೊದಲನೆಯದರಲ್ಲಿ ದರ 97.05 ಇದ್ದರೆ ಏನೂ ಇಲ್ಲ, 96.95 ಆದರೆ ಬೆಲೆ ಒಮ್ಮೆಗೇ ಜಿಗಿಯುತ್ತದೆ. ಆ ಹತ್ತು ಪೈಸೆಗಾಗಿ ವಾದ ಮಾಡುತ್ತಾ ಕೂರಬೇಕಾಗುತ್ತದೆ.

ಕೊಟೇಶನ್‌ನಲ್ಲಿ ಬರೆಯಬೇಕಾದ ಮಾತು ಹೀಗಿರಲಿ, ಕಳಿಸುವಾಗ ಗಿರಾಕಿಯ ಭಾಷೆಯಲ್ಲಿ ಇಷ್ಟೇ ಸರಳವಾಗಿ ಬರೆಯಿರಿ:

'ಬೆಲೆ ಒಂದಕ್ಕೆ 40.00 ಯೂರೋ. ಯುರೋಪಿಯನ್ ಸೆಂಟ್ರಲ್ ಬ್ಯಾಂಕಿನ ಉಲ್ಲೇಖ ದರದಂತೆ, ಕೊಟೇಶನ್‌ಗೆ ಹಿಂದಿನ ತಿಂಗಳ ಸರಾಸರಿಯಾದ 1 ಯೂರೋ = 100.00 ರೂಪಾಯಿಯನ್ನು ಮೂಲ ದರವೆಂದು ಹಿಡಿದಿದೆ. ಬೆಲೆಯ ಶೇ. 80 ಭಾಗ ಈ ದರಕ್ಕೆ ಒಳಪಟ್ಟಿದೆ. ಉತ್ಪಾದನಾ ಆರ್ಡರ್ ಸಿಕ್ಕಾಗ ಒಮ್ಮೆ, ನಂತರ ಪ್ರತಿ ಮೂರು ತಿಂಗಳಿಗೊಮ್ಮೆ, ಹಿಂದಿನ ತಿಂಗಳ ಸರಾಸರಿ ದರವನ್ನು ಮೂಲ ದರದ ಜತೆ ಹೋಲಿಸಲಾಗುವುದು. ವ್ಯತ್ಯಾಸ ಎರಡೂ ಕಡೆ ಶೇ. 3ರ ಒಳಗಿದ್ದರೆ ಮೂಲ ಬೆಲೆಯೇ ಅನ್ವಯ. ಮೀರಿದರೆ, ಮೀರಿದ ಭಾಗಕ್ಕೆ ಮಾತ್ರ ಕೆಳಗಿನ ಸೂತ್ರದಂತೆ ಬೆಲೆ ಏರುತ್ತದೆ ಅಥವಾ ಇಳಿಯುತ್ತದೆ. ಹೊಸ ಬೆಲೆ ಮುಂದೆ ಹೊರಡುವ ಮಾಲಿಗೆ ಅನ್ವಯ, ಈಗಾಗಲೇ ಹೊರಟ ಮಾಲಿಗೆ ಅಲ್ಲ.'

ಅದರ ಕೆಳಗೆ ಸೂತ್ರ:

```
P1 = P0 × (0.20 + 0.80 × B / R1)
B = 97   (R1 < 97)
B = 103  (R1 > 103)
```

P0 ಮೂಲ ಬೆಲೆ, P1 ಹೊಸ ಬೆಲೆ, R1 ಪರಿಶೀಲನೆಯ ಸರಾಸರಿ ದರ, B ಪಟ್ಟಿಯ ಅಂಚು. ಹೋಲಿಕೆ ಯಾವಾಗಲೂ ಮೂಲ ದರದ ಜತೆಗೇ. ಹಿಂದಿನ ಪರಿಶೀಲನೆಯ ದರದ ಜತೆ ಹೋಲಿಸುತ್ತಾ ಹೋದರೆ, ಪ್ರತಿ ಸಲ ಶೇ. 2ರಂತೆ ನಾಲ್ಕು ಸಲ ಇಳಿದರೂ ಷರತ್ತು ಒಮ್ಮೆಯೂ ಜಾರಿಗೆ ಬರುವುದಿಲ್ಲ.

ಕಳಿಸುವ ಮೊದಲು ಅಂಕಿ ಹಾಕಿ ನೋಡಿ

ದರ 92ಕ್ಕೆ ಇಳಿಯಿತು ಅಂದುಕೊಳ್ಳಿ. 97ನ್ನು 92ರಿಂದ ಭಾಗಿಸಿದರೆ 1.0543. ಅದರ ಶೇ. 80, ಜತೆಗೆ 0.20, ಒಟ್ಟು 1.0435. ಹೊಸ ಬೆಲೆ 41.74 ಯೂರೋ. ರೂಪಾಯಿಯಲ್ಲಿ 3,840 ಬರುತ್ತದೆ. ಆ ದರದಲ್ಲಿ ನಿಮಗೆ ಬೇಕಾದದ್ದು ಎಷ್ಟು? 3,200 ರೂಪಾಯಿ, ಜತೆಗೆ 8 ಯೂರೋ ಅಂದರೆ 736, ಒಟ್ಟು 3,936. ಕೊರತೆ 96 ರೂಪಾಯಿ. ಷರತ್ತು ಇಲ್ಲದಿದ್ದರೆ ಕೊರತೆ 256, ಲಾಭ 400ರಿಂದ 144ಕ್ಕೆ ಬರುತ್ತಿತ್ತು. ಈಗ 304 ಉಳಿಯಿತು.

ಈ 96 ಎಲ್ಲಿಂದ ಬಂತು ನೋಡಿ. 3,200ರ ಶೇ. 3. ದರ 92ಕ್ಕೆ ಇಳಿಯಲಿ, 85ಕ್ಕೆ ಇಳಿಯಲಿ, ಈ ಷರತ್ತು ಇದ್ದರೆ ಒಂದು ತುಂಡಿಗೆ ನಿಮ್ಮ ನಷ್ಟ ಸುಮಾರು ಅಷ್ಟಕ್ಕೇ ನಿಲ್ಲುತ್ತದೆ. ಆ 96 ರೂಪಾಯಿ ತಡೆದುಕೊಳ್ಳುವ ಶಕ್ತಿ ನಿಮ್ಮ ಲಾಭಕ್ಕೆ ಇದೆಯೇ ಎಂದು ನೋಡಿ ಪಟ್ಟಿಯ ಅಗಲವನ್ನು ಗೊತ್ತುಮಾಡಿ. ಲಾಭವೇ 150 ರೂಪಾಯಿ ಇರುವ ಮಾಲಿಗೆ ಶೇ. 3 ತುಂಬಾ ಅಗಲವಾಯಿತು, 2ಕ್ಕೆ ಇಳಿಸಿ. ಪಟ್ಟಿಗೆ ಸುಮ್ನೆ ಒಂದು ಅಂಕಿ ಹಾಕುವುದು ಬೇಡ. ಪರಿಶೀಲನೆಗಳ ನಡುವಿನ ಮೂರು ತಿಂಗಳಲ್ಲಿ ದರ ಇನ್ನೂ ಇಳಿದರೆ ಅದು ಷರತ್ತಿಗೆ ಸಿಗುವುದಿಲ್ಲ. ಬೆಲೆ ಗೊತ್ತಾದ ಕೂಡಲೇ, ಖಚಿತವಾಗಿ ಹೊರಡುವ ಮಾಲಿನಷ್ಟಕ್ಕೆ ಫಾರ್ವರ್ಡ್ ಮಾಡಿಸಿ ಅದನ್ನು ಮುಚ್ಚಿಕೊಳ್ಳಬೇಕು.

ಇನ್ನೊಂದು ಕಡೆಯೂ ನೋಡಿ. ದರ 110ಕ್ಕೆ ಏರಿದರೆ ಬೆಲೆ 37.96 ಯೂರೋಗೆ ಇಳಿಯುತ್ತದೆ. ಗಿರಾಕಿಗೆ ಎರಡು ಯೂರೋ ಉಳಿತಾಯ, ನಿಮಗೆ ಲಾಭ ಸ್ವಲ್ಪ ಜಾಸ್ತಿಯೇ. ಇದನ್ನು ಕೊಡಲು ಮನಸ್ಸಿಲ್ಲದವರು ಷರತ್ತು ಕೇಳಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಏರಿಕೆಗೆ ಮಾತ್ರ ಇರುವ ಷರತ್ತನ್ನು ಯಾವ ಗಿರಾಕಿಯೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮೇಲಿನ ಎರಡೂ ಲೆಕ್ಕವನ್ನು ಕೊಟೇಶನ್ನಿನ ಜತೆಗೇ ಕಳಿಸಿ.

ಅವರು 'ಬೆಲೆ ಸ್ಥಿರವಾಗಿರಲಿ' ಎಂದರೆ

ಅನ್ನುತ್ತಾರೆ. ಆಗ ಬೆಲೆಯೊಳಗೆ ಗುಟ್ಟಾಗಿ ಶೇ. 5 ಸೇರಿಸಿ ಸ್ಥಿರ ಎಂದು ಕೊಡುವುದು ಸುಲಭದ ದಾರಿ. ಆದರೆ ಪಕ್ಕದ ಫೌಂಡ್ರಿಯವರು ಸೇರಿಸದಿದ್ದರೆ ಆರ್ಡರ್ ಅಲ್ಲಿಗೆ ಹೋಗುತ್ತದೆ.

ಇದಕ್ಕಿಂತ ಒಳ್ಳೆಯ ಉತ್ತರವಿದೆ. 'ಬೆಲೆ ಸ್ಥಿರ ಬೇಕಿದ್ದರೆ ಸಂಖ್ಯೆಯೂ ಸ್ಥಿರವಾಗಿರಲಿ' ಎನ್ನಿ. ಆರು ತಿಂಗಳಿಗೆ 3,000 ತುಂಡುಗಳ ಖಚಿತ ಆರ್ಡರ್ ಕೊಟ್ಟರೆ ಅಷ್ಟು ಯೂರೋಗೆ ನೀವು ಬ್ಯಾಂಕಿನಲ್ಲಿ ಫಾರ್ವರ್ಡ್ ಮಾಡಿಸಿ ಆರು ತಿಂಗಳು ಒಂದೇ ಬೆಲೆಗೆ ಕೊಡಬಹುದು. ಬೇಕಾದಾಗ ಬೇಕಾದಷ್ಟು ತೆಗೆದುಕೊಳ್ಳುತ್ತೇವೆ ಎಂದರೆ ಷರತ್ತು ಇರಬೇಕು. ಎರಡನ್ನೂ ಬರೆದು, ಆಯ್ಕೆ ಅವರಿಗೆ ಬಿಡಿ.

ಚೌಕಾಸಿ ಬಂದರೆ ಏನು ಬಿಡಬಹುದು? ಪರಿಶೀಲನೆ ಮೂರು ತಿಂಗಳ ಬದಲು ಆರು ತಿಂಗಳಿಗೆ ಆಗಬಹುದು. ಮೀರಿದ ಭಾಗವನ್ನು ಅರ್ಧ ಅರ್ಧ ಹಂಚಿಕೊಳ್ಳೋಣ ಎಂದರೆ ಲೆಕ್ಕ ಹಾಕಿ ನೋಡಿ ಒಪ್ಪಬಹುದು, ಆದರೆ ಆಗ ನಷ್ಟ 96ಕ್ಕೆ ನಿಲ್ಲುವುದಿಲ್ಲ ಎಂಬುದು ಗೊತ್ತಿರಲಿ. ಬಿಡಬಾರದ್ದು ಒಂದು: ಉತ್ಪಾದನಾ ಆರ್ಡರ್ ಬಂದಾಗಿನ ಮೊದಲ ಪರಿಶೀಲನೆ. ನೀವು ಬ್ಯಾಂಕಿನಿಂದ ರಕ್ಷಣೆ ಪಡೆಯಲಾಗದ ಐದಾರು ತಿಂಗಳು ಅದರ ಹಿಂದೆಯೇ ಇವೆ.

ಆರ್ಡರ್ ಬಂದ ದಿನ

ನಾನು ಕೆಲಸ ಮಾಡಿದ ಒಂದು ಕಡೆ ಷರತ್ತನ್ನು ಚೆನ್ನಾಗಿಯೇ ಬರೆದಿದ್ದೆವು. ಪರ್ಚೇಸ್ ಆರ್ಡರ್ ಬಂತು, ಸಂತೋಷದಿಂದ ಕೆಲಸ ಶುರುಮಾಡಿದೆವು. ಎಂಟು ತಿಂಗಳ ನಂತರ ಬೆಲೆ ಪರಿಷ್ಕರಣೆ ಕೇಳಿದಾಗ ಗಿರಾಕಿ ತಮ್ಮ ಆರ್ಡರ್‌ನ ನಾಲ್ಕನೆಯ ಪುಟ ತೋರಿಸಿದರು. 'ಬೆಲೆಗಳು ಆರ್ಡರ್ ಅವಧಿಯುದ್ದಕ್ಕೂ ಸ್ಥಿರ' ಎಂದಿತ್ತು. ನಾವು ಅದನ್ನು ಓದದೆ, ಮರುಮಾತಿಲ್ಲದೆ ಮಾಲು ಕಳಿಸಿದ್ದೆವು. ಅವರ ಷರತ್ತನ್ನು ಒಪ್ಪಿದಂತೆಯೇ ಆಗಿತ್ತು. ಆ ವರ್ಷದ ಲಾಭ ಹಾಗೇ ಹೋಯಿತು. ಅದು ಈಗಲೂ ಮನಸ್ಸನ್ನು ಚುಚ್ಚುತ್ತದೆ.

ಹಾಗಾಗಿ ಆರ್ಡರ್ ಬಂದ ಕೂಡಲೇ ಕೊನೆಯ ಪುಟದವರೆಗೆ ಓದಿ. ಷರತ್ತಿನ ಉಲ್ಲೇಖ ಇಲ್ಲದಿದ್ದರೆ, ಅಥವಾ ವಿರುದ್ಧ ಮಾತಿದ್ದರೆ, ತಿದ್ದಿದ ಆರ್ಡರ್ ಕೇಳಿ. ನಿಮ್ಮ ಆರ್ಡರ್ ಸ್ವೀಕೃತಿ ಪತ್ರದಲ್ಲಿ ಕೊಟೇಶನ್ ಸಂಖ್ಯೆ, ಮೂಲ ದರ, ಸೂತ್ರ ಎಲ್ಲವನ್ನೂ ಮತ್ತೆ ಬರೆಯಿರಿ. ಅವರು ಇಮೇಲ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಕೆಲಸ ಶುರುಮಾಡಿ. ಪ್ಯಾಟರ್ನ್‌ನ ದುಡ್ಡು ಬೇಗ ಬಂದು ಮುಗಿಯುವಂಥದ್ದು, ಅದಕ್ಕೆ ಈ ಷರತ್ತು ಬೇಡ.

ಹಣ ಕಳಿಸುವಾಗಿನ ಬ್ಯಾಂಕ್ ಶುಲ್ಕ ಯಾರದು ಎಂಬುದನ್ನೂ ಇಲ್ಲೇ ಬರೆಯಿರಿ. ಕಳಿಸುವವರ ಬ್ಯಾಂಕ್ ಫಾರ್ಮ್‌ನಲ್ಲಿ `OUR` ಎಂದಿದ್ದರೆ ಶುಲ್ಕ ಅವರದು, `BEN` ಎಂದಿದ್ದರೆ ನಿಮ್ಮದು, `SHA` ಎಂದಿದ್ದರೆ ಇಬ್ಬರದೂ.

ಪರಿಶೀಲನೆ ನಡೆಸುವ ಕ್ರಮ

ತ್ರೈಮಾಸಿಕ ಶುರುವಾಗುವ ದಿನವೇ ಸರಾಸರಿ ದರ, ಲೆಕ್ಕ, ಹೊಸ ಬೆಲೆ ಇರುವ ಒಂದು ಪುಟ ಕಳಿಸಿ. ಬೆಲೆ ಬದಲಾಗದಿದ್ದರೂ ಕಳಿಸಿ. ಬೆಲೆ ಇಳಿಯುವ ಸರದಿ ಬಂದಾಗ ಅವರು ಕೇಳುವ ಮೊದಲೇ ಕಳಿಸಿ. ಎರಡು ಸಲ ಹೀಗೆ ಮಾಡಿದ ಮೇಲೆ ಏರಿಕೆಯ ಪತ್ರ ಹೋದಾಗ ವಾದ ಕಡಿಮೆ.

ಹೊಸ ಬೆಲೆಗೆ ಅವರು ಒಪ್ಪಿದರೂ ಕೂಡಲೇ ಹೊಸ ಬೆಲೆಯ ಇನ್ವಾಯ್ಸ್ ಮಾಡಬೇಡಿ. ಅವರ ಸಿಸ್ಟಮ್‌ನಲ್ಲಿ ಆರ್ಡರ್ ಬೆಲೆ 40.00 ಎಂದೇ ಇದ್ದು, ನಿಮ್ಮ ಇನ್ವಾಯ್ಸ್ 41.74 ಎಂದರೆ ಸಿಸ್ಟಮ್ ಅದನ್ನು ತಡೆಹಿಡಿಯುತ್ತದೆ. ದುಡ್ಡು ವಾರಗಟ್ಟಲೆ ನಿಲ್ಲುತ್ತದೆ. ಆಮೇಲೆ ಅವರು ಹಳೆಯ ಬೆಲೆಯನ್ನೇ ಕಳಿಸಿದರೆ, ಶಿಪ್ಪಿಂಗ್ ಬಿಲ್ಲಿನ ಮೊತ್ತಕ್ಕಿಂತ ಕಡಿಮೆ ಬಂದದ್ದಕ್ಕೆ ನೀವು ಬ್ಯಾಂಕಿಗೆ ವಿವರಣೆ ಕೊಡಬೇಕು. ಪರಿಷ್ಕೃತ ಆರ್ಡರ್ ಕೈಗೆ ಬರಲಿ, ಅದರಲ್ಲಿ ಹೊಸ ಬೆಲೆಯೂ ಜಾರಿಯ ದಿನಾಂಕವೂ ಇದೆಯೇ ನೋಡಿ, ಆಮೇಲೆ ಇನ್ವಾಯ್ಸ್ ಮಾಡಿ.